ಕೆಲಸದ ಪಕ್ಕದಲ್ಲಿ ಹೆಸರು

ಊರಿನ ಸಮಾರಂಭ ಮುಗಿದ ಮೇಲೆ ಶಾಮಿಯಾನ ಬಿಚ್ಚಬೇಕು, ಬಾಡಿಗೆ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸಬೇಕು, ಲೆಕ್ಕ ಕೂಡಿಸಬೇಕು. ಅಷ್ಟೆಲ್ಲ ಆದರೂ ಒಂದು ಕೆಲಸ ಉಳಿದೇ ಇರುತ್ತದೆ. ಅದು ವರದಿ ಬರೆಯುವುದು. ಏನು ನಡೆಯಿತು, ಯಾರು ದುಡಿದರು, ಯಾರು ಕೊಟ್ಟರು ಎಂಬುದನ್ನು ಎರಡು ಪುಟದಲ್ಲಿ ಅಚ್ಚು ಹಾಕಿ ಮನೆಮನೆಗೆ ಹಂಚುವುದು, ಅಥವಾ ಸ್ಮರಣ ಸಂಚಿಕೆಯ ಕೊನೆಯಲ್ಲಿ ಸೇರಿಸುವುದು ನಮ್ಮ ಕಡೆಯ ರೂಢಿ. ಈ ಎರಡು ಪುಟದಲ್ಲಿ ಕೃತಜ್ಞತೆಯ ಭಾಗವೇ ಬರೆಯುವವರನ್ನು ಹೆಚ್ಚು ಕಾಡುವುದು. ಇಂದು ನಾನು ಮಾತನಾಡುವುದು ಆ ಭಾಗದ ಬಗ್ಗೆ ಮಾತ್ರ.

ಸಾಮಾನ್ಯವಾಗಿ ಇದನ್ನು ಎರಡು ರೀತಿಯಲ್ಲಿ ಬರೆಯುತ್ತಾರೆ. ಮೊದಲನೆಯದು, ನೆನಪಿಗೆ ಬಂದ ಎಲ್ಲ ಹೆಸರುಗಳನ್ನೂ ಸಾಲಾಗಿ ಪೋಣಿಸುವುದು. ಎರಡನೆಯದು, ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ ಧನ್ಯವಾದಗಳು ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದು. ಮೊದಲನೆಯದನ್ನು ಓದುವವರು ತಮ್ಮ ಹೆಸರು ಇದೆಯೇ ಎಂದು ಹುಡುಕುತ್ತಾರೆ, ಸಿಕ್ಕ ಕೂಡಲೇ ಪುಟ ಮಡಚುತ್ತಾರೆ. ಸಿಗದವರು ಮುಂದಿನ ವರ್ಷ ಕೆಲಸಕ್ಕೆ ಬರುವುದಿಲ್ಲ. ಎರಡನೆಯದರಲ್ಲಿ ಯಾರನ್ನೂ ಬಿಟ್ಟ ಹಾಗಾಗುವುದಿಲ್ಲ ನಿಜ, ಆದರೆ ಯಾರನ್ನೂ ನೆನೆದ ಹಾಗೂ ಆಗುವುದಿಲ್ಲ. ಮೂರು ದಿನ ನೀರು ಹೊತ್ತವರಿಗೂ, ಅರ್ಧ ಗಂಟೆ ವೇದಿಕೆಯಲ್ಲಿ ಕುಳಿತವರಿಗೂ ಅಲ್ಲಿ ಸಿಗುವುದು ಒಂದೇ ವಾಕ್ಯ.

ಇವೆರಡರ ನಡುವೆ ಒಂದು ದಾರಿ ಇದೆ. ಮೊದಲು ಕೆಲಸವನ್ನು ಹೇಳಬೇಕು. ಆ ಕೆಲಸ ಯಾರಿಂದ ಆಯಿತು ಎಂಬುದು ಅದರ ಪಕ್ಕದಲ್ಲೇ ಬರಬೇಕು. ಹೆಸರುಗಳ ಪೂರ್ಣ ಪಟ್ಟಿಗೆ ಬೇರೆ ಹಾಳೆ ಇರಬೇಕು. ಹೇಳಲು ಸುಲಭ, ಮಾಡಲು ತಯಾರಿ ಬೇಕು. ಒಂದು ಉದಾಹರಣೆಯ ಮೂಲಕ ನೋಡೋಣ.

ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶತಮಾನೋತ್ಸವ ಎಂದುಕೊಳ್ಳಿ. ಊರಿಗೆ ಹೆಸರಿಡುವುದು ಬೇಡ. ಅಂಕಿಗಳನ್ನೂ ವಿವರಣೆಗಾಗಿ ನಾನೇ ಇಟ್ಟುಕೊಂಡಿದ್ದೇನೆ. ಆದರೆ ಇಂಥ ಕಾರ್ಯಕ್ರಮ ನಡೆಸಿದವರಿಗೆ ಇವು ಅಪರಿಚಿತ ಎನಿಸಲಾರವು. ಒಂದು ದಿನದ ಸಮಾರಂಭ, ಮಧ್ಯಾಹ್ನದ ಊಟಕ್ಕೆ 600 ಜನ. ಒಬ್ಬರಿಗೆ ಸುಮಾರು 125 ಗ್ರಾಂ ಅಕ್ಕಿಯಂತೆ 75 ಕಿಲೋ ಅಕ್ಕಿ, 100 ತೆಂಗಿನಕಾಯಿ, ಒಂದು ಪಂಕ್ತಿಗೆ 150 ಎಲೆಯಂತೆ ನಾಲ್ಕು ಪಂಕ್ತಿ. ಸಂಬಳವಿಲ್ಲದೆ ದುಡಿದವರು 82 ಮಂದಿ. ಹಣ ಕೊಟ್ಟವರು ಮೂರು ಬಗೆ: ಊರಿನ 188 ಮನೆಗಳು, 42 ಮಂದಿ ಹಳೆ ವಿದ್ಯಾರ್ಥಿಗಳು, ಇಬ್ಬರು ಪ್ರಾಯೋಜಕರು. ಈ 82 ಹೆಸರುಗಳ ಜೊತೆ ಕೊಟ್ಟವರ 232 ಹೆಸರು ಸೇರಿದರೆ 314. ಒಂದು ಹೆಸರು ಓದಲು ನಾಲ್ಕು ಸೆಕೆಂಡು ಹಿಡಿದರೂ ಎಲ್ಲವನ್ನೂ ಓದಿ ಮುಗಿಸಲು 20 ನಿಮಿಷಕ್ಕಿಂತ ಹೆಚ್ಚು ಬೇಕು. ವರದಿಯೊಳಗೆ ಪಟ್ಟಿ ಏಕೆ ಕೂಡದು ಎಂಬುದಕ್ಕೆ ಈ ಲೆಕ್ಕವೇ ಸಾಕು.

ನ್ಯಾಯವಾದ ವರದಿ ಬರೆಯಲು ಕೂರುವ ಹೊತ್ತಿಗೆ ಕೈಯಲ್ಲಿ ಮೂರು ದಾಖಲೆ ಇರಬೇಕು. ಮೊದಲನೆಯದು ಕೆಲಸದ ಹಾಜರಿ ಪುಸ್ತಕ. ಅಡುಗೆ, ಬಡಿಸುವುದು, ವಾಹನ ನಿಲುಗಡೆ, ವೇದಿಕೆ, ನೋಂದಣಿ, ರಾತ್ರಿ ಕಾವಲು, ಸ್ವಚ್ಛತೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಪುಟ. ಆಯಾ ಕೆಲಸದ ಜವಾಬ್ದಾರಿ ಹೊತ್ತವರೇ ಅಂದು ಸಂಜೆ ಹೆಸರು ಬರೆಯಬೇಕು. ಎರಡನೆಯದು ಸಾಮಗ್ರಿ ಪಟ್ಟಿ. ಅಕ್ಕಿ, ಕಾಯಿ, ಬಾಳೆ ಎಲೆ, ಸೌದೆ, ಬೆಲ್ಲ ಎಲ್ಲಿಂದ ಎಷ್ಟು ಬಂತು ಎಂಬುದು ಅದರಲ್ಲಿರುತ್ತದೆ. ಮೂರನೆಯದು ರಸೀದಿ ಪುಸ್ತಕ. ಹಣ ಕೊಟ್ಟವರ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಂಡಿರಬೇಕು. ತಮ್ಮ ಹೆಸರು ಬೇಡ ಎಂದವರು ಯಾರು, ತಂದೆ ತಾಯಿಯ ನೆನಪಿಗೆ ಎಂದು ಕೊಟ್ಟವರು ಯಾರು ಎಂಬ ಟಿಪ್ಪಣಿ ರಸೀದಿಯ ಅರ್ಧಪ್ರತಿಯ ಮೇಲೆಯೇ ಇದ್ದರೆ ಆಮೇಲೆ ಕೇಳಿಕೊಂಡು ಓಡಾಡಬೇಕಿಲ್ಲ.

ಈ ದಾಖಲೆಗಳಿಲ್ಲದೆ ನೆನಪನ್ನೇ ನಂಬಿ ಬರೆದರೆ ಏನಾಗುತ್ತದೆ ಎಂಬುದು ಮೊದಲೇ ಗೊತ್ತಿರುವ ಸಂಗತಿ. ವರದಿ ಬರೆಯುವವರು ಹೆಚ್ಚಾಗಿ ವೇದಿಕೆಯ ಹತ್ತಿರ ಇದ್ದವರು. ಅವರ ಕಣ್ಣಿಗೆ ಬಿದ್ದದ್ದು ಮೈಕು, ಹಾರ, ನಿರೂಪಣೆ. ಹಿಂದಿನ ಸಂಜೆ ತರಕಾರಿ ಹೆಚ್ಚಿದವರು, ನಸುಕಿನಲ್ಲಿ ನೂರು ಕಾಯಿ ತುರಿದವರು, ರಾತ್ರಿ ಧ್ವನಿವರ್ಧಕದ ಪೆಟ್ಟಿಗೆಗಳ ಪಕ್ಕದಲ್ಲಿ ಮಲಗಿದವರು, ಮರುದಿನ ಎಲೆ ಬಾಚಿ ಗುಂಡಿಗೆ ಹಾಕಿದವರು ಅವರ ಕಣ್ಣಿಗೆ ಬಿದ್ದಿರುವುದೇ ಇಲ್ಲ. ಬೇಕೆಂದು ಯಾರೂ ಇವರನ್ನು ಬಿಡುವುದಿಲ್ಲ. ನಿಂತ ಜಾಗದಿಂದ ಕಾಣದ್ದು ಬರಹದಲ್ಲೂ ಕಾಣುವುದಿಲ್ಲ, ಅಷ್ಟೇ. ಅದಕ್ಕಾಗಿ ಟಿಪ್ಪಣಿಯನ್ನು ಮೂರು ಭಾಗ ಮಾಡಿಕೊಳ್ಳಬೇಕು: ಸಮಾರಂಭಕ್ಕೆ ಮೊದಲು, ಸಮಾರಂಭದ ದಿನ, ಸಮಾರಂಭದ ಮರುದಿನ. ಮೂರನೆಯ ಭಾಗ ಖಾಲಿ ಇದ್ದರೆ ಏನನ್ನೋ ಮರೆತಿದ್ದೇವೆ ಎಂದೇ ಅರ್ಥ. ಮರುದಿನದ ಕೆಲಸ ಇಲ್ಲದ ಸಮಾರಂಭ ಎಲ್ಲಿಯೂ ಇಲ್ಲ.

ಇನ್ನು ಬರವಣಿಗೆಗೆ ಬರೋಣ. ನಮ್ಮ ವರದಿಗಳು ಸಾಮಾನ್ಯವಾಗಿ ಹೀಗೆ ಇರುತ್ತವೆ: ಕಾರ್ಯಕ್ರಮವನ್ನು ವಿಜೃಂಭಣೆಯಿಂದ ಆಚರಿಸಲಾಯಿತು. ವೇದಿಕೆಯನ್ನು ಸುಂದರವಾಗಿ ಅಲಂಕರಿಸಲಾಗಿತ್ತು. ಬಂದವರೆಲ್ಲರಿಗೂ ಭೋಜನದ ವ್ಯವಸ್ಥೆ ಮಾಡಲಾಗಿತ್ತು. ಹಳೆಯ ಶಿಕ್ಷಕರನ್ನು ಸನ್ಮಾನಿಸಲಾಯಿತು.

ನಾಲ್ಕು ವಾಕ್ಯ ಆಯಿತು, ಒಬ್ಬ ಮನುಷ್ಯನೂ ಕಾಣಲಿಲ್ಲ. ಅಲಂಕರಿಸಿದವರು ಯಾರು, ಅಡುಗೆ ಮಾಡಿದವರು ಯಾರು? ಕರ್ಮಣಿ ಪ್ರಯೋಗದ ಈ ವಾಕ್ಯಗಳು ಕೆಲಸವನ್ನು ಇಟ್ಟುಕೊಂಡು ಕೆಲಸ ಮಾಡಿದವರನ್ನು ಹೊರಗೆ ಕಳಿಸಿಬಿಡುತ್ತವೆ. ಹೀಗೆ ಹೊರಗೆ ಹೋದವರನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ಒಳಗೆ ಕರೆಯಬೇಕಾಗಿ ಬರುವುದರಿಂದಲೇ ಉದ್ದನೆಯ ಪಟ್ಟಿ ಹುಟ್ಟುತ್ತದೆ. ಕಾರಣ ತಿಳಿದ ಮೇಲೆ ಪರಿಹಾರವೂ ಸಿಗುತ್ತದೆ. ಪ್ರತಿ ವಾಕ್ಯಕ್ಕೂ ಅದರ ಕರ್ತೃವನ್ನು ಹಿಂದಿರುಗಿಸಿದರೆ ಕೃತಜ್ಞತೆಯ ಮುಕ್ಕಾಲು ಭಾಗ ವರದಿಯೊಳಗೇ ಮುಗಿದಿರುತ್ತದೆ. ಧನ್ಯವಾದ ಎಂಬ ಮಾತನ್ನು ಹತ್ತು ಸಲ ಹೇಳುವ ಅಗತ್ಯವೇ ಬರುವುದಿಲ್ಲ.

ಅದೇ ಶಾಲೆಯ ಊಟದ ಭಾಗವನ್ನು ಹೀಗೆ ಬರೆಯಬಹುದು:

ಶನಿವಾರ ಸಂಜೆಯೇ ಸ್ತ್ರೀಶಕ್ತಿ ಸಂಘದ ಹನ್ನೊಂದು ಮಂದಿ ಶಾಲೆಯ ಜಗಲಿಯಲ್ಲಿ ಕೂತು ತರಕಾರಿ ಹೆಚ್ಚಿ ಮುಗಿಸಿದ್ದರು. ಭಾನುವಾರ ನಸುಕಿನ ನಾಲ್ಕಕ್ಕೆ ಒಲೆ ಹೊತ್ತಿತು. ಅಡುಗೆ ಭಟ್ಟರು ಮತ್ತು ಅವರ ಇಬ್ಬರು ಸಹಾಯಕರನ್ನು ಸಂಬಳಕ್ಕೆ ಗೊತ್ತುಮಾಡಿದ್ದೆವು. ಅವರ ಜೊತೆಗೆ ನಮ್ಮ ಶಾಲೆಯ ಬಿಸಿಯೂಟದ ಮೂವರು ಅಡುಗೆಯವರು ರಜೆಯ ದಿನವನ್ನು ಬಿಟ್ಟುಕೊಟ್ಟು ಬಂದು ಸಂಜೆಯವರೆಗೂ ನಿಂತರು. ಅಕ್ಕಿ ಅಷ್ಟೂ ಊರಿನ ಮೂರು ಗದ್ದೆಗಳದ್ದು. ಕಾಯಿಗಳು ಮೇಲಿನ ಕೇರಿಯ ಮನೆಗಳಿಂದ ಬಂದವು. ಯುವಕ ಮಂಡಲದವರು ಮತ್ತು ಹೈಸ್ಕೂಲಿನ ಮಕ್ಕಳು ಸೇರಿ 24 ಮಂದಿ ನಾಲ್ಕು ಪಂಕ್ತಿಗೂ ಬಡಿಸಿದರು. ಅವರು ಊಟಕ್ಕೆ ಕುಳಿತಾಗ ಮೂರೂವರೆ ಗಂಟೆ. ಸೋಮವಾರ ಬೆಳಗ್ಗೆ 16 ಮಂದಿ ಬಂದು ಅಂಗಳ ಗುಡಿಸಿ, ಪಾತ್ರೆ ಎಣಿಸಿ, ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲೇ ಶಾಲೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟರು.

ಗಮನಿಸಿ, ಈ ಭಾಗದಲ್ಲಿ ಒಬ್ಬರ ಹೆಸರೂ ಇಲ್ಲ. ಆದರೂ ಸಂಬಳವಿಲ್ಲದೆ ಅಡುಗೆಗೆ ಬಂದ ಹದಿನಾಲ್ಕು ಮಂದಿಗೂ, ಬಡಿಸಿದ ಇಪ್ಪತ್ನಾಲ್ಕು ಮಂದಿಗೂ ತಾವು ಇಲ್ಲಿದ್ದೇವೆ ಎಂಬುದು ಗೊತ್ತಾಗುತ್ತದೆ. ಕಾರಣ, ಅವರು ಪಟ್ಟ ಶ್ರಮದ ನಿಜವಾದ ವಿವರ ಇಲ್ಲಿದೆ. ಮೂರೂವರೆಗೆ ಊಟ ಮಾಡಿದವರಿಗೆ ಆ ಸಮಯ ನೆನಪಿರುತ್ತದೆ. ಅದನ್ನು ಬೇರೆಯವರೂ ಗಮನಿಸಿದ್ದರು ಎಂದು ಓದಿದಾಗ ಆಗುವ ಸಂತೋಷವನ್ನು ಪಟ್ಟಿಯ ನಲವತ್ತೊಂದನೆಯ ಸಾಲಿನಲ್ಲಿ ಇರುವ ಹೆಸರು ಕೊಡಲಾರದು. ವಿವರ ಮಾತ್ರ ನಿಜವಾಗಿರಬೇಕು. ಹಗಲಿರುಳು ದುಡಿದರು, ಟೊಂಕ ಕಟ್ಟಿ ನಿಂತರು ಎಂಬ ಮಾತುಗಳನ್ನು ಯಾರಿಗೆ ಬೇಕಾದರೂ ಹಚ್ಚಬಹುದು. ಹಾಗಾಗಿಯೇ ಅವು ಯಾರಿಗೂ ಸಲ್ಲುವುದಿಲ್ಲ.

ಇನ್ನೊಂದು ಅಂಶವನ್ನೂ ನೋಡಿ. ಭಟ್ಟರು ಸಂಬಳಕ್ಕೆ ಬಂದವರು ಎಂದು ವರದಿ ಹೇಳಿದೆ. ಅದರಲ್ಲಿ ಅಗೌರವ ಏನೂ ಇಲ್ಲ. ಸಂಬಳ ಪಡೆದವರನ್ನು ಸ್ವಯಂಸೇವಕರೆಂದು ಬರೆದರೆ ನಿಜವಾಗಿ ಬಿಟ್ಟಿ ದುಡಿದವರಿಗೆ ಅನ್ಯಾಯ. ಬರೆಯದೇ ಬಿಟ್ಟರೆ ಆರುನೂರು ಜನರಿಗೆ ರುಚಿಯಾಗಿ ಬೇಯಿಸಿದವರಿಗೆ ಅನ್ಯಾಯ. ಶಾಮಿಯಾನದವರ ವಿಷಯವೂ ಹೀಗೆಯೇ. ಅವರ ದರ 36,000 ರೂಪಾಯಿ, ಶಾಲೆಯ ಕೆಲಸವೆಂದು 28,000 ತೆಗೆದುಕೊಂಡರು ಎಂದುಕೊಳ್ಳಿ. ಶಾಮಿಯಾನವನ್ನು ಉಚಿತವಾಗಿ ಕೊಟ್ಟರು ಎಂದು ಬರೆದರೆ ಸುಳ್ಳು. ಎಂಟು ಸಾವಿರ ಕಡಿಮೆ ಮಾಡಿಕೊಂಡರು ಎಂಬುದು ಸರಿಯಾದ ಮಾತು, ಅವರಿಗೆ ಸಲ್ಲಬೇಕಾದ ಮಾತೂ ಅದೇ.

ಕೆಲಸವನ್ನು ಮುಂದಿಟ್ಟು ಕೊಟ್ಟವರನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದು ಕನ್ನಡಕ್ಕೆ ಹೊಸದೇನಲ್ಲ. ನಮ್ಮ ದಾನಶಾಸನಗಳ ಕ್ರಮವೇ ಇದು. ದೀಪದ ಎಣ್ಣೆಗೆಂದೋ, ನೈವೇದ್ಯಕ್ಕೆಂದೋ, ಕೆರೆಯ ದುರಸ್ತಿಗೆಂದೋ ಉದ್ದೇಶವನ್ನು ಅಲ್ಲಿ ಬಿಡಿಸಿ ಹೇಳುತ್ತಾರೆ. ಭೂಮಿಯಾದರೆ ಅದರ ಅಳತೆ ಮತ್ತು ಎಲ್ಲೆಗಳು ಇರುತ್ತವೆ. ಎಣ್ಣೆ ತೆಗೆಯುವ ತೆಲ್ಲಿಗರು ಗಾಣಕ್ಕೆ ಇಷ್ಟು ಎಣ್ಣೆ ಎಂದು ಸಮುದಾಯವಾಗಿ ಬಿಟ್ಟುಕೊಟ್ಟದ್ದನ್ನು ಹೇಳುವ ಶಾಸನಗಳೂ ಇವೆ. ಅಲ್ಲಿ ಗುಂಪಿನ ಗುರುತು ಇದೆ, ಕೊಟ್ಟ ವಸ್ತುವಿನ ಅಳತೆ ಇದೆ. ಇನ್ನು 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನಂಥ ಶಿಲ್ಪಿಗಳ ಹೆಸರುಗಳಿವೆ. ಆ ಹೆಸರುಗಳನ್ನು ಒಂದು ಮೂಲೆಯಲ್ಲಿ ಒಟ್ಟಾಗಿ ಕೆತ್ತಿಲ್ಲ. ಅವರವರು ಮಾಡಿದ ಶಿಲ್ಪದ ಪೀಠದಲ್ಲಿಯೇ ಹೆಸರಿದೆ. ಒಬ್ಬನ ಕೈಯಿಂದಲೇ ಆದ ಕೆಲಸಕ್ಕೆ ಅವನ ಹೆಸರು, ಹಲವರು ಕೂಡಿ ಕೊಟ್ಟದ್ದಕ್ಕೆ ಗುಂಪಿನ ಗುರುತು. ಎರಡಕ್ಕೂ ನಮ್ಮಲ್ಲಿ ಮಾದರಿ ಇದೆ.

ಹಾಗಾದರೆ ವರದಿಯೊಳಗೆ ಯಾರ ಹೆಸರು ಬರಬೇಕು? ಅದಕ್ಕೊಂದು ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು. ಹಲವರು ಕೂಡಿ ಮಾಡಿದ ಕೆಲಸಕ್ಕೆ ಗುಂಪಿನ ಗುರುತು ಸಾಕು. ಒಬ್ಬರೇ ಮಾಡಿದ, ಅವರಿಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎನ್ನುವ ಕೆಲಸಕ್ಕೆ ಹೆಸರು ಬೇಕು. ನಮ್ಮ ಉದಾಹರಣೆಯಲ್ಲಿ ಅಂಥವರು ಒಬ್ಬರಿದ್ದಾರೆ. ನಿವೃತ್ತ ಶಿಕ್ಷಕಿಯೊಬ್ಬರು ಶಾಲೆಯ ನೂರು ವರ್ಷಗಳ ದಾಖಲಾತಿ ಪುಸ್ತಕಗಳನ್ನು, ಮುಟ್ಟಿದರೆ ಪುಡಿಯಾಗುವ ಪುಟಗಳನ್ನು ಸಹ, ಒಂದೊಂದಾಗಿ ಓದಿ ಹಳೆ ವಿದ್ಯಾರ್ಥಿಗಳ ಪಟ್ಟಿ ತಯಾರಿಸಿದರು. ಆ ಪಟ್ಟಿಯಿಂದಲೇ ಆಮಂತ್ರಣಗಳು ಹೋದದ್ದು. ಅವರನ್ನು ಹೆಸರಿಟ್ಟು, ಈ ಕೆಲಸವನ್ನು ಎರಡು ವಾಕ್ಯದಲ್ಲಿ ವಿವರಿಸಿ ನೆನೆಯಬೇಕು. ಲೆಕ್ಕಪತ್ರಕ್ಕೆ ಉತ್ತರ ಕೊಡಬೇಕಾದ ಖಜಾಂಚಿಯ ಹೆಸರೂ ಇರಬೇಕು. ಅದು ಹೊಣೆಗಾರಿಕೆಗಾಗಿ, ಹೊಗಳಿಕೆಗಾಗಿ ಅಲ್ಲ.

ಈ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು ಎಂಬುದೇ ಅದರ ಜೀವ. ಅಧ್ಯಕ್ಷರು ಗುಂಪಿನ ಜೊತೆ ಸೇರಿ ಕೆಲಸ ಮಾಡಿದ್ದರೆ ಅವರೂ ಗುಂಪಿನೊಳಗೇ ಬರುತ್ತಾರೆ. ಅತಿಥಿಗಳ ಹೆಸರು ಅವರು ಏನು ಮಾತನಾಡಿದರು ಎಂಬಲ್ಲಿ ಬರುತ್ತದೆ, ಕೃತಜ್ಞತೆಯ ಭಾಗದಲ್ಲಿ ಮತ್ತೊಮ್ಮೆ ಬೇಡ. ನಿಯಮವನ್ನು ಸಮಾರಂಭಕ್ಕೆ ಮೊದಲೇ ಸಮಿತಿಯ ಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ, ನನ್ನ ಹೆಸರೇಕಿಲ್ಲ ಎಂಬ ಪ್ರಶ್ನೆಗೆ ವರದಿ ಬರೆದವರು ಒಬ್ಬರೇ ನಿಂತು ಉತ್ತರ ಕೊಡಬೇಕಾಗುವುದಿಲ್ಲ.

ನಿಯಮ ತಪ್ಪಿದೆಯೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ. ಕರಡು ಬರೆದಾದ ಮೇಲೆ ಹೆಸರಿನಿಂದ ಕರೆಸಿಕೊಂಡವರು ಯಾರು, ಗುಂಪಿನಲ್ಲಿ ಸೇರಿಹೋದವರು ಯಾರು ಎಂದು ಎರಡು ಬಣ್ಣದಲ್ಲಿ ಗೆರೆ ಎಳೆಯಿರಿ. ಗಂಡಸರೆಲ್ಲ ಹೆಸರಿನಿಂದ, ಹೆಂಗಸರೆಲ್ಲ ಮಹಿಳಾ ಮಂಡಳಿಯಾಗಿ ಕಂಡರೆ ನಿಯಮ ಮುರಿದಿದೆ. ಹೆಂಗಸರ ಹೆಸರು ಬಂದಿದ್ದರೂ ಇಂಥವರ ಪತ್ನಿ ಎಂದೇ ಬಂದಿದ್ದರೆ ಆಗಲೂ ಮುರಿದಿದೆ. ಗೌರವದ ಮಾತುಗಳನ್ನೂ ಹೀಗೆಯೇ ನೋಡಬೇಕು. ಅಧ್ಯಕ್ಷರು ಮಾತನಾಡಿದರು, ಪ್ರಾಯೋಜಕರು ಆಗಮಿಸಿದ್ದರು ಎಂದು ಬಹುವಚನ ಬಳಸಿದ ಲೇಖನಿಯೇ, ಚರಂಡಿ ಸರಿಮಾಡಿದವರ ಮಾತು ಬಂದಾಗ ಅವನು, ಬಂದ, ಮಾಡಿದ ಎಂದು ಏಕವಚನಕ್ಕೆ ಇಳಿದುಬಿಡುತ್ತದೆ. ಒಬ್ಬರಿಗೆ ಶ್ರೀಮಾನ್, ಇನ್ನೊಬ್ಬರಿಗೆ ಬರೀ ಹೆಸರು. ಕ್ರಿಯಾಪದದ ಕೊನೆಯ ಅಕ್ಷರದಲ್ಲಿ ತೋರುವ ಈ ಭೇದ ಓದುವವರಿಗೆ ಚುಚ್ಚುತ್ತದೆ. ಎಲ್ಲರಿಗೂ ಬಹುವಚನ ಬಳಸಿದರೆ ಯಾರೂ ಬೇಡ ಎನ್ನುವುದಿಲ್ಲ.

ಈಗ ಹಣದ ವಿಷಯ. ಇಲ್ಲಿ ದಾನಿಗಳು ಬೇರೆ, ಪ್ರಾಯೋಜಕರು ಬೇರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ದಾನಿ ಪ್ರತಿಫಲ ಕೇಳುವುದಿಲ್ಲ. ಪ್ರಾಯೋಜಕರು ಹಣ ಕೊಟ್ಟು, ಅದಕ್ಕೆ ಬದಲಾಗಿ ತಮ್ಮ ಅಂಗಡಿಯ ಅಥವಾ ಸಂಸ್ಥೆಯ ಪ್ರಚಾರವನ್ನು ಪಡೆಯುತ್ತಾರೆ. ಎರಡೂ ಮರ್ಯಾದೆಯ ವ್ಯವಹಾರಗಳೇ. ಆದರೆ ಒಂದಕ್ಕೆ ಸಲ್ಲುವುದು ಕೃತಜ್ಞತೆ, ಇನ್ನೊಂದಕ್ಕೆ ಸಲ್ಲುವುದು ಕೊಟ್ಟ ಮಾತನ್ನು ಪೂರೈಸುವುದು.

ಈ ಗೆರೆಯನ್ನು ಸರ್ಕಾರವೂ ಎಳೆದಿದೆ. ಧರ್ಮಾರ್ಥ ಸಂಸ್ಥೆಗಳು ದಾನಿಯ ಹೆಸರನ್ನು ಫಲಕದಲ್ಲಿ ಹಾಕಿದರೆ ಅದಕ್ಕೆ ಜಿ.ಎಸ್.ಟಿ. ಬೀಳುತ್ತದೆಯೇ ಎಂಬ ಪ್ರಶ್ನೆ ಎದ್ದಾಗ, 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸಿತು. ಕೊಟ್ಟದ್ದು ನಿಜವಾಗಿ ದಾನವಾಗಿದ್ದು, ಉದ್ದೇಶ ಪರೋಪಕಾರವಾಗಿದ್ದು, ಹೆಸರು ಹಾಕಿದ್ದರಲ್ಲಿ ದಾನಿಯ ವ್ಯಾಪಾರದ ಪ್ರಚಾರ ಇಲ್ಲದಿದ್ದರೆ ಅದು ಬರಿಯ ಕೃತಜ್ಞತೆ, ತೆರಿಗೆ ಇಲ್ಲ ಎಂಬುದು ಅದರ ತಾತ್ಪರ್ಯ. ತಂದೆಯ ನೆನಪಿಗೆ ಮಗಳು ಕೊಟ್ಟದ್ದು ಎಂದು ಕೋಣೆಯ ಬಾಗಿಲ ಮೇಲೆ ಬರೆಯುವಂಥದ್ದನ್ನು ಅದು ಉದಾಹರಣೆಯಾಗಿ ಕೊಡುತ್ತದೆ. ಹೆಸರಿನ ಜೊತೆ ವ್ಯಾಪಾರದ ಪ್ರಚಾರ ಸೇರಿತೋ, ಅದು ಬೇರೆ ಲೆಕ್ಕ. ತೆರಿಗೆಯ ಮಾತು ನಮ್ಮ ಸಣ್ಣ ಸಮಿತಿಗೆ ಬಾರದೇ ಹೋಗಬಹುದು. ಆದರೆ ವರದಿ ಬರೆಯುವವರಿಗೆ ಇದು ಒಳ್ಳೆಯ ಅಳತೆಗೋಲು. ದಾನಿಯ ಬಗ್ಗೆ ಬರೆದ ವಾಕ್ಯದಲ್ಲಿ ಅಂಗಡಿಯ ವಿಳಾಸವೋ, ಸರಕಿನ ಹೊಗಳಿಕೆಯೋ ನುಸುಳಿದ್ದರೆ ಅದು ಜಾಹೀರಾತು. ಅದನ್ನು ಕೃತಜ್ಞತೆಯ ಭಾಗದಿಂದ ತೆಗೆದು ಜಾಹೀರಾತಿನ ಪುಟಕ್ಕೆ ಹಾಕಬೇಕು.

ಪ್ರಾಯೋಜಕರಿಗೆ ಏನು ಕೊಡುತ್ತೇವೆ ಎಂಬುದನ್ನು ಹಣ ಪಡೆಯುವಾಗಲೇ ಕಾಗದದಲ್ಲಿ ಬರೆದುಕೊಳ್ಳಬೇಕು. ದ್ವಾರದ ಬಳಿ ಒಂದು ಬ್ಯಾನರ್, ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟ, ವರದಿಯಲ್ಲಿ ಒಂದು ಉಲ್ಲೇಖ ಎಂದಿದ್ದರೆ ಅಷ್ಟನ್ನೂ ತಪ್ಪದೆ ಕೊಡಬೇಕು. ಅದಕ್ಕಿಂತ ಹೆಚ್ಚು ಕೊಡಬಾರದು. ಸಮಾರಂಭದ ಯಶಸ್ಸಿಗೆ ಮೂಲ ಕಾರಣರು ಎಂಬಂಥ ವಿಶೇಷಣಗಳು ಒಪ್ಪಂದದಲ್ಲಿ ಇರುವುದಿಲ್ಲ. ಬರೆಯುವವರ ಉತ್ಸಾಹದಿಂದ ಬಂದು ಸೇರಿಕೊಳ್ಳುತ್ತವೆ, ಉಳಿದವರ ಮನಸ್ಸನ್ನು ನೋಯಿಸುತ್ತವೆ.

ಹಾಗಾದರೆ ಹಣದ ಭಾಗವನ್ನು ಬರೆಯುವುದು ಹೇಗೆ? ನಮ್ಮ ಶಾಲೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹಳೆ ವಿದ್ಯಾರ್ಥಿಗಳು 42 ಮಂದಿ ಸೇರಿ ಕೊಟ್ಟದ್ದು 1,26,000 ರೂಪಾಯಿ. ಊರಿನ 188 ಮನೆಗಳು ಕೊಟ್ಟದ್ದು 94,000. ಪ್ರಾಯೋಜಕರಾದ ಸಹಕಾರ ಸಂಘ 40,000, ಪೇಟೆಯ ಒಂದು ಅಂಗಡಿ 20,000, ಕೂಡಿ 60,000. ಒಟ್ಟು 2,80,000. ಖರ್ಚು 2,68,500. ಉಳಿದ 11,500 ರೂಪಾಯಿಯಲ್ಲಿ ಗ್ರಂಥಾಲಯಕ್ಕೆ ಒಂದು ಕಪಾಟು.

ಹೆಸರುಗಳನ್ನು ಮೊತ್ತದ ಇಳಿಕೆ ಕ್ರಮದಲ್ಲಿ ಇಟ್ಟಿದ್ದರೆ ಮೊದಲ ಎರಡು ಸಾಲು ಪ್ರಾಯೋಜಕರಿಗೆ ಹೋಗುತ್ತಿತ್ತು. ನೂರು ರೂಪಾಯಿ ಕೊಟ್ಟ ಮನೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬೀಳುತ್ತಿತ್ತು. ಗುಂಪಾಗಿ ಲೆಕ್ಕ ಹಾಕಿದಾಗ ಬೇರೆಯೇ ಸತ್ಯ ಎದ್ದು ಕಾಣುತ್ತದೆ. ಊರಿನ ಮನೆಗಳು ಚೂರುಚೂರಾಗಿ ಕೊಟ್ಟದ್ದು ಇಬ್ಬರು ಪ್ರಾಯೋಜಕರು ಕೂಡಿ ಕೊಟ್ಟದ್ದರ ಒಂದೂವರೆ ಪಾಲಿಗಿಂತ ಹೆಚ್ಚು. ಈ ಮಾತನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಇದರಿಂದ ಪ್ರಾಯೋಜಕರಿಗೆ ಕುಂದಿಲ್ಲ, ಸಣ್ಣ ಮೊತ್ತ ಕೊಟ್ಟವರಿಗೆ ತಮ್ಮ ಪಾಲಿನ ಬೆಲೆ ತಿಳಿಯುತ್ತದೆ. ಜೊತೆಗೆ ಹಣ ಏನಾಯಿತು ಎಂಬುದೂ ಬರಬೇಕು. ಮನೆಗಳ ಹಣದಿಂದ ಊಟ ನಡೆಯಿತು, ಹಳೆ ವಿದ್ಯಾರ್ಥಿಗಳ ಹಣದಿಂದ ಎರಡು ಕೋಣೆಗಳ ಹೆಂಚು ಬದಲಾಯಿತು ಎಂದು ಬರೆದರೆ ಕೊಟ್ಟವರ ಕಣ್ಣಿಗೆ ತಾವು ಕೊಟ್ಟದ್ದು ಕಾಣುತ್ತದೆ. ಸಾಮಗ್ರಿಯಾಗಿ ಬಂದದ್ದಕ್ಕೆ ರೂಪಾಯಿ ಬೆಲೆ ಕಟ್ಟುವುದು ಬೇಡ. 75 ಕಿಲೋ ಅಕ್ಕಿ ಎಂದೇ ಇರಲಿ. ಅಕ್ಕಿ ಕೊಟ್ಟವರು ಹಣದ ಪಟ್ಟಿಯಲ್ಲಿ ಕೆಳಗೆ ಜಾರುವುದು ಹಾಗೆ ಬೆಲೆ ಕಟ್ಟಿದಾಗಲೇ.

ಉಳಿದದ್ದು ಪೂರ್ಣ ಪಟ್ಟಿ. ಅದು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪ್ರತಿಯೊಬ್ಬರ ಹೆಸರೂ ಎಲ್ಲಿಯಾದರೂ ಒಂದು ಕಡೆ ಇರಲೇಬೇಕು. ಅದಕ್ಕೆ ಸರಿಯಾದ ಜಾಗ ವರದಿಯ ಜೊತೆಗಿನ ಬೇರೆ ಹಾಳೆ, ಮತ್ತು ಶಾಲೆಯ ಸೂಚನಾ ಫಲಕ. ಅಲ್ಲಿ ಕ್ರಮ ಅಕಾರಾದಿ. ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುವುದರಿಂದ ಅದನ್ನು ಹಿಡಿದು ಜೋಡಿಸಿದರೆ ಕ್ರಮ ಕೆಡುತ್ತದೆ. ಸ್ವಂತ ಹೆಸರಿನ ಮೊದಲ ಅಕ್ಷರ ಹಿಡಿದು ಜೋಡಿಸಬೇಕು. ಒಂದೇ ಹೆಸರಿನವರು ಇಬ್ಬರಿದ್ದರೆ ಕೇರಿ ಅಥವಾ ಮನೆಯ ಹೆಸರು ಸೇರಿಸಬೇಕು, ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬರು ಬಿಟ್ಟುಹೋದಂತೆಯೇ. ಹೆಸರಿನ ಎದುರು ಮೊತ್ತವೂ ಬೇಡ, ಹುದ್ದೆಯೂ ಬೇಡ. ಮೊತ್ತದ ಲೆಕ್ಕ ಖಜಾಂಚಿಯ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಕೇಳಿದವರು ನೋಡಬಹುದು. ಹೆಸರು ಬೇಡ ಎಂದವರನ್ನು ಸಂಖ್ಯೆಯಲ್ಲಿ ಮಾತ್ರ ಸೇರಿಸಬೇಕು. ಹೆಸರು ಹೇಳಲು ಬಯಸದ ಮೂವರು ಎಂದರೆ ಲೆಕ್ಕವೂ ಸರಿ, ಅವರ ಇಚ್ಛೆಯೂ ಉಳಿಯಿತು.

ಅಚ್ಚಿಗೆ ಹೋಗುವ ಮೊದಲು ಮೂವರಿಂದ ಓದಿಸಬೇಕು: ಅಡುಗೆಮನೆಯಲ್ಲಿದ್ದ ಒಬ್ಬರು, ವೇದಿಕೆಯ ಹೊಣೆ ಹೊತ್ತ ಒಬ್ಬರು, ಲೆಕ್ಕ ನೋಡಿದ ಒಬ್ಬರು. ಚೆನ್ನಾಗಿದೆಯೇ ಎಂದು ಕೇಳಬಾರದು. ನಿಮ್ಮ ಕಡೆ ಆದ ಯಾವ ಕೆಲಸ ಇದರಲ್ಲಿಲ್ಲ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಎರಡನೆಯದಕ್ಕೆ, ನೀರಿನ ಟ್ಯಾಂಕರ್ ಕೆಟ್ಟಾಗ ಪಕ್ಕದ ಮನೆಯವರು ಬಾವಿಗೆ ಪಂಪು ಹಾಕಿಕೊಟ್ಟರಲ್ಲ ಎಂಬಂಥ ಉತ್ತರ ಬರುತ್ತದೆ. ಅಂಥ ಒಂದು ವಾಕ್ಯ ಸೇರಿದರೆ ವರದಿ ಇನ್ನಷ್ಟು ನಿಜವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಯಾರೋ ಒಬ್ಬರು ಬಿಟ್ಟುಹೋಗಬಹುದು. ಆಗ ಹೋಗಿ ಬಾಯಿಮಾತಿನಲ್ಲಿ ಕ್ಷಮೆ ಕೇಳಿದರೆ ಸಾಲದು. ತಪ್ಪು ಎಷ್ಟು ಜನರ ಕೈಗೆ ಹೋಗಿತ್ತೋ ತಿದ್ದುಪಡಿಯೂ ಅಷ್ಟೇ ಜನರಿಗೆ ಹೋಗಬೇಕು, ಮತ್ತು ಕೆಲಸದ ವಿವರದ ಜೊತೆಗೇ ಹೋಗಬೇಕು. ಹಾಳೆಯ ಕೆಳಗೆ ಒಂದು ಸಾಲು ಮೊದಲೇ ಇರಲಿ: ಬಿಟ್ಟುಹೋದದ್ದು ಕಂಡರೆ ಹದಿನೈದು ದಿನದೊಳಗೆ ತಿಳಿಸಿ, ಸೇರಿಸಿ ಮತ್ತೆ ಹಂಚುತ್ತೇವೆ. ವರದಿಯ ಜೊತೆ ಈ ಅವಕಾಶವೂ ಇದ್ದರೆ ದೂರು ಚಾವಡಿಯಲ್ಲಿ ಬೆಳೆಯದೆ ಸಮಿತಿಯ ಕೈಗೆ ಬರುತ್ತದೆ.

ಕೊನೆಯದಾಗಿ, ಅಳತೆಯ ಮಾತು. ಎರಡು ಪುಟದ ವರದಿಯಲ್ಲಿ ಬಿಡಿಯಾದ ಧನ್ಯವಾದದ ಭಾಗ ಐದಾರು ಸಾಲಿಗಿಂತ ಹೆಚ್ಚಾಗಬಾರದು. ಕೆಲಸಗಳನ್ನು ಕರ್ತೃಗಳ ಸಮೇತ ಹೇಳಿಯಾಗಿದೆ, ಹಣದ ಲೆಕ್ಕ ಕೊಟ್ಟಾಗಿದೆ, ಹೆಸರುಗಳು ಬೇರೆ ಹಾಳೆಯಲ್ಲಿವೆ. ಇನ್ನು ಹೇಳಲು ಉಳಿದಿರುವುದು ಅಷ್ಟೇ. ಹೀಗೆ ಬರೆದ ವರದಿಗೆ ಇನ್ನೊಂದು ಪ್ರಯೋಜನವೂ ಇದೆ. ಮುಂದೆ ಅದೇ ಶಾಲೆಯಲ್ಲಿ ಸಮಾರಂಭ ನಡೆಸುವವರು ಅದನ್ನು ತೆರೆದರೆ 600 ಜನರಿಗೆ ಎಷ್ಟು ಅಕ್ಕಿ ಬೇಕಾಯಿತು, ಬಡಿಸಲು ಎಷ್ಟು ಮಂದಿ ಬೇಕಾದರು, ಮರುದಿನದ ಸ್ವಚ್ಛತೆಗೆ ಯಾರನ್ನು ಕರೆಯಬೇಕು ಎಂಬುದು ಅಲ್ಲಿ ಸಿಗುತ್ತದೆ. ದುಡಿದವರ ಋಣವನ್ನು ಸರಿಯಾಗಿ ಬರೆದಿಟ್ಟ ಎರಡು ಪುಟ ಮುಂದಿನವರಿಗೆ ಕೆಲಸದ ಕೈಪಿಡಿಯೂ ಆಗುತ್ತದೆ. ಆದ್ದರಿಂದ ಅದರ ಒಂದು ಪ್ರತಿಯನ್ನು ಶಾಲೆಯ ದಾಖಲೆಗಳ ಜೊತೆ ಸೇರಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಇಡಿ ಎಂದು ಸಮಿತಿಗಳಲ್ಲಿ ದುಡಿಯುವ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.